ಕಪಾಟಿಗೆ ಚಕ್ರ ಹಾಕುವಿರಾ? ಭಾರವನ್ನು ಮೂರರಿಂದ ಭಾಗಿಸಿ

ನನ್ನ ಪುಸ್ತಕದ ಕಪಾಟಿನ ಮುಂದೆ, ಟೈಲ್ಸ್ ಮೇಲೆ ಅರ್ಧಚಂದ್ರದ ಆಕಾರದ ಒಂದು ಗೀರು ಇದೆ. ಹಿಂದಿನ ಗೋಡೆಯ ಧೂಳು ಹೊಡೆಯಲು ಸುಲಭವಾಗಲೆಂದು ಕಪಾಟಿಗೆ ನಾನೇ ನಾಲ್ಕು ಕ್ಯಾಸ್ಟರ್ ಚಕ್ರ ಹಾಕಿದ್ದೆ. ಪ್ರತಿ ಚಕ್ರ 40 ಕೆ.ಜಿ. ತಡೆಯುತ್ತದೆ ಎಂದು ಪೊಟ್ಟಣದ ಮೇಲೆ ಬರೆದಿತ್ತು. ನಾಲ್ಕಕ್ಕೆ 160 ಕೆ.ಜಿ. ಆಯಿತು, ಕಪಾಟು ಅಷ್ಟು ತೂಗುವುದಿಲ್ಲ ಎಂದುಕೊಂಡೆ. ಎರಡನೇ ಸಲ ಎಳೆದಾಗ ‘ಟಕ್’ ಎಂದು ಸದ್ದಾಯಿತು. ಒಂದು ಚಕ್ರದ ಕಬ್ಬಿಣದ ಕವೆ ಬಾಗಿ, ಅದರ ಅಂಚು ನೆಲಕ್ಕೆ ತಾಗಿ ಗೀರಿತ್ತು. ಪೊಟ್ಟಣದ ಮೇಲಿನ ಲೆಕ್ಕ ಸರಿಯಾಗಿಯೇ ಇತ್ತು, ತಪ್ಪಿದ್ದು ನನ್ನ ಭಾಗಾಕಾರ.

ಮೊದಲು ತೂಕ ನೋಡೋಣ. ನನ್ನದು 120 ಸೆಂ.ಮೀ. ಅಗಲ, 90 ಸೆಂ.ಮೀ. ಎತ್ತರ, 35 ಸೆಂ.ಮೀ. ಆಳದ, ಮೂರು ಖಾನೆಯ ಪಾರ್ಟಿಕಲ್ ಬೋರ್ಡ್ ಕಪಾಟು. ಖಾಲಿ ಕಪಾಟಿನ ಒಂದು ತುದಿಯನ್ನು ಎತ್ತಿ ಮೈತೂಕ ನೋಡುವ ಯಂತ್ರದ ಮೇಲಿಡಿ. ಇನ್ನೊಂದು ತುದಿಯಡಿ ಯಂತ್ರದಷ್ಟೇ ದಪ್ಪದ ಹಲಗೆ ಕೊಟ್ಟು ಮಟ್ಟ ಮಾಡಿ. ನನಗೆ 16 ಕೆ.ಜಿ. ತೋರಿಸಿತು. ಎರಡೂ ತುದಿ ಒಂದೇ ತರಹ ಇರುವುದರಿಂದ ಒಟ್ಟು 32. ನಂತರ ಒಂದು ಖಾನೆಯಿಂದ 30 ಸೆಂ.ಮೀ. ಉದ್ದದಷ್ಟು ಪುಸ್ತಕ ತೆಗೆದು ತೂಗಿದೆ, 9 ಕೆ.ಜಿ. ಬಂತು. ಅಂದರೆ ಮೀಟರಿಗೆ 30 ಕೆ.ಜಿ. ಮೂರು ಖಾನೆ ಸೇರಿ 3.6 ಮೀಟರ್ ಸಾಲು, ಅದಕ್ಕೆ 108 ಕೆ.ಜಿ. ಕಪಾಟು, ಪುಸ್ತಕ ಎರಡೂ ಸೇರಿ 140 ಕೆ.ಜಿ. ಹೆಚ್ಚಿನವರು ಎಡವುವುದು ಇಲ್ಲೇ. ಕಪಾಟಿನ ತೂಕ ಲೆಕ್ಕಕ್ಕೆ ಬರುತ್ತದೆ, ಒಳಗಿರುವುದು ಬರುವುದಿಲ್ಲ. ಪುಸ್ತಕದ ವಿಷಯದಲ್ಲಂತೂ ಒಳಗಿರುವುದೇ ಮುಕ್ಕಾಲು ಭಾರ.

ಈ 140ನ್ನು ನಾಲ್ಕರಿಂದ ಭಾಗಿಸಿದರೆ 35 ಬರುತ್ತದೆ, 40ರ ಚಕ್ರ ಸಾಕು ಎನಿಸುತ್ತದೆ. ಆದರೆ ಯಾವ ನೆಲವೂ ಪೂರ್ತಿ ಸಮತಟ್ಟಲ್ಲ. ಒಂದು ಟೈಲ್ ಕೂದಲೆಳೆಯಷ್ಟು ತಗ್ಗಿದ್ದರೂ ಅದರ ಮೇಲಿನ ಚಕ್ರ ಹೆಸರಿಗಷ್ಟೇ ನೆಲ ಮುಟ್ಟಿರುತ್ತದೆ, ಭಾರವೆಲ್ಲ ಉಳಿದ ಮೂರರ ಮೇಲೆ ಬೀಳುತ್ತದೆ. ನಂಬಿಕೆ ಬಾರದಿದ್ದರೆ ಪ್ರತಿ ಚಕ್ರದಡಿ ತೆಳು ಕಾಗದ ತೂರಿಸಿ ನೋಡಿ. ಎಷ್ಟೋ ಸಲ ಒಂದರ ಕೆಳಗೆ ಅದು ಸಲೀಸಾಗಿ ಹೋಗುತ್ತದೆ. ಅದಕ್ಕೇ ನಾಲ್ಕು ಚಕ್ರವಿದ್ದರೂ ಒಟ್ಟು ಭಾರವನ್ನು ಮೂರರಿಂದ ಭಾಗಿಸಬೇಕು. 140 ಭಾಗಿಸು 3, ಸುಮಾರು 47 ಕೆ.ಜಿ. ನನ್ನ 40ರ ಚಕ್ರ ಬಾಗಿದ್ದರಲ್ಲಿ ಆಶ್ಚರ್ಯವಿಲ್ಲ. 50ರದ್ದು ತಂದರೂ ಅಂಚಿಗೇ ಬಂದಂತೆ. ಆ ಅಂಕಿ ನಯವಾದ ನೆಲದಲ್ಲಿ ನಿಧಾನವಾಗಿ ಉರುಳುವಾಗಿನದು, ಟೈಲ್ಸ್ ಸಂದಿಗೆ ಇಳಿದು ಹತ್ತುವಾಗ ಬೀಳುವ ಪೆಟ್ಟು ಬೇರೆ. ನಾನು ಈಗ 75 ಕೆ.ಜಿ.ಯದ್ದು ಹಾಕಿದ್ದೇನೆ. ನಡುವೆ ಇನ್ನೆರಡು ಚಕ್ರ ಸೇರಿಸಿ ಆರರಿಂದ ಭಾಗಿಸುವ ಉಪಾಯ ಬೇಡ. ನಡುವಿನವು ಉಬ್ಬಿನ ಮೇಲೆ ಬಂದಾಗ ಇಡೀ ಕಪಾಟು ತಕ್ಕಡಿಯಂತೆ ಓಲಾಡುತ್ತದೆ.

ಚಕ್ರ ಯಾವುದರದ್ದು ಎಂಬುದೂ ಅಷ್ಟೇ ಮುಖ್ಯ. ಗಟ್ಟಿ ನೈಲಾನ್ ಚಕ್ರ ಹಗುರಾಗಿ ಉರುಳುತ್ತದೆ ನಿಜ, ಆದರೆ ಕೆಳಗೆ ಸಿಕ್ಕ ಮರಳಿನ ಕಣವನ್ನು ಟೈಲ್‌ಗೆ ಒತ್ತಿ ಅರೆಯುತ್ತದೆ. ಕಪ್ಪು ರಬ್ಬರ್ ಮೃದು, ಆದರೆ ತಿಂಗಳುಗಟ್ಟಲೆ ಒಂದೇ ಕಡೆ ನಿಂತರೆ ತಿಳಿ ಬಣ್ಣದ ನೆಲಕ್ಕೆ ಕಲೆ ಬಿಡಬಹುದು. ನನ್ನ ಆಯ್ಕೆ ಪಾಲಿಯುರೆಥೇನ್ ಹೊದಿಕೆಯ 50 ಮಿ.ಮೀ. ಚಕ್ರ, ನಾಲ್ಕೂ ತಿರುಗುವಂಥವು, ಮುಂದಿನ ಎರಡಕ್ಕೆ ಬ್ರೇಕ್. ಹೊಸಿಲು ದಾಟಿಸಬೇಕಾದ ಸಾಮಾನಾದರೆ 75 ಮಿ.ಮೀ. ಚಕ್ರ ನೋಡಿ.

ಇನ್ನು ಜೋಡಣೆ. ಕಪಾಟಿನ ತಳದ ಹಲಗೆಗೆ ನೇರವಾಗಿ ಚಕ್ರ ತಿರುಪಬೇಡಿ. ಕಪಾಟಿನ ಭಾರವೆಲ್ಲ ಇಳಿದು ಬರುವುದು ಅಕ್ಕಪಕ್ಕದ ನಿಲುವು ಹಲಗೆಗಳಲ್ಲಿ. ತಳದ ಹಲಗೆ ಅವುಗಳ ನಡುವೆ ಸಣ್ಣ ಗೂಟಗಳ ಮೇಲೆ ತೂಗಿಕೊಂಡಿರುತ್ತದೆ. ಚಕ್ರ ಅದರಡಿ ಕೂತರೆ ಆ ಗೂಟಗಳೇ ಎಲ್ಲ ಭಾರ ಹೊರಬೇಕು, ಮೂಲೆ ಒಡೆದು ಪುಡಿ ಉದುರುತ್ತದೆ. ಆದ್ದರಿಂದ ಕಪಾಟಿನ ಹೊರ ಅಳತೆಯಷ್ಟೇ, 120 ಗುಣಿಸು 35 ಸೆಂ.ಮೀ.ನ 18 ಮಿ.ಮೀ. ಪ್ಲೈವುಡ್ ಕತ್ತರಿಸಿಕೊಳ್ಳಿ. ಚಕ್ರಗಳನ್ನು ಅದರ ನಾಲ್ಕು ಮೂಲೆಗೆ ಮೊದಲೇ ಬಿಗಿಯಿರಿ. 6 ಮಿ.ಮೀ. ಬೋಲ್ಟ್ ಮೇಲಿನಿಂದ ಬರಲಿ, ಅದರ ತಲೆ ಪ್ಲೈವುಡ್‌ನಲ್ಲಿ ಮಟ್ಟಸವಾಗಿ ಮುಳುಗಲಿ, ಕೆಳಗಡೆ ಲಾಕ್ ನಟ್. ಆಮೇಲೆ ಕಪಾಟನ್ನು ಖಾಲಿ ಮಾಡಿ, ಇಬ್ಬರು ಸೇರಿ ಕಂಬಳಿಯ ಮೇಲೆ ತಲೆಕೆಳಗಾಗಿ ನಿಲ್ಲಿಸಿ, ನಿಲುವು ಹಲಗೆಗಳ ಅಂಚು ಪ್ಲೈವುಡ್ ಮೇಲೇ ಕೂರುವಂತೆ ಹೊಂದಿಸಿ. 30 ಮಿ.ಮೀ. ಸ್ಕ್ರೂಗಳನ್ನು ತಳದ ಹಲಗೆಗೆ ಬಿಗಿದರೆ ಸಾಕು. ಪಾರ್ಟಿಕಲ್ ಬೋರ್ಡ್‌ನಲ್ಲಿ ಸ್ಕ್ರೂ ಹಿಡಿತ ಕಡಿಮೆಯಾದರೂ ಇಲ್ಲಿ ಚಿಂತೆಯಿಲ್ಲ. ಭಾರ ಕೆಳಕ್ಕೆ ಒತ್ತುತ್ತಿರುತ್ತದೆ, ಸ್ಕ್ರೂ ಪ್ಲೈವುಡ್ ಸರಿಯದಂತೆ ಹಿಡಿದಿಟ್ಟರಾಯಿತು.

ಒಂದು ಅಪಾಯ ಮಾತ್ರ ಕಣ್ಣಿಗೆ ಕಾಣುವುದಿಲ್ಲ. ತಿರುಗುವ ಚಕ್ರ ತನ್ನ ತಿರುಗಣೆಯ ನೇರ ಕೆಳಗೆ ಇರುವುದಿಲ್ಲ, ಸುಮಾರು 25 ಮಿ.ಮೀ. ಪಕ್ಕಕ್ಕೆ ಇರುತ್ತದೆ. ನನ್ನ ಕಪಾಟಿನಲ್ಲಿ ಮುಂದಿನ, ಹಿಂದಿನ ತಿರುಗಣೆಗಳ ನಡುವೆ 28 ಸೆಂ.ಮೀ. ಅಂತರ. ಎಲ್ಲ ಚಕ್ರಗಳೂ ಒಳಮುಖವಾಗಿ ತಿರುಗಿದ ಗಳಿಗೆಯಲ್ಲಿ ಅದು 23ಕ್ಕೆ ಇಳಿಯುತ್ತದೆ. ಆಗ ಮೇಲ್ತುದಿ ಹಿಡಿದು ಮುಂದಕ್ಕೆ ಎಳೆದರೆ ಕಪಾಟು ಮೈಮೇಲೆಯೇ ಬೀಳಬಹುದು. ದಪ್ಪ ಪುಸ್ತಕ ಕೆಳಗಿನ ಖಾನೆಯಲ್ಲಿರಲಿ, ಎಳೆಯುವ ಕೈ ಕೂಡ ಕೆಳಗಿನ ಖಾನೆಯ ಮಟ್ಟದಲ್ಲೇ ಇರಲಿ. ಎದೆಮಟ್ಟಕ್ಕಿಂತ ಎತ್ತರದ ಬೀರುವಿಗೆ ನಾನಂತೂ ಚಕ್ರ ಹಾಕುವುದಿಲ್ಲ.

ಅಂಥ ಎತ್ತರದ ಸಾಮಾನಿಗೆ, ಮೇಜು ಕುರ್ಚಿಗಳಿಗೆ ಫೆಲ್ಟ್ ಪ್ಯಾಡ್ ಸರಿ. ಬೀರುವನ್ನು ಖಾಲಿ ಮಾಡಿ, ಇಬ್ಬರು ಬುಡದ ಹತ್ತಿರ ಹಿಡಿದು ತಳ್ಳಬೇಕು. ಪ್ಯಾಡ್‌ಗೆ ಸಾಮಾನ್ಯವಾಗಿ ಕೆ.ಜಿ. ಲೆಕ್ಕ ನಮೂದಿಸಿರುವುದಿಲ್ಲ, ಅಲ್ಲಿ ಲೆಕ್ಕಕ್ಕೆ ಬರುವುದು ಅಗಲ. ಸಪೂರ ಕಾಲಿನಡಿ ಅದು ಬೇಗ ಚಪ್ಪಟೆಯಾಗಿ ರಟ್ಟಿನಂತಾಗುತ್ತದೆ. ಕಾಲಿನ ತಳಕ್ಕಿಂತ ಒಂದೆರಡು ಮಿ.ಮೀ. ಚಿಕ್ಕದಾಗಿ ಕತ್ತರಿಸಿ ಅಂಟಿಸಿ. ಅಂಚು ಹೊರಗೆ ಚಾಚಿದ್ದರೆ ಎಳೆದಾಗ ಮಡಚಿಕೊಂಡು ಕಿತ್ತುಬರುತ್ತದೆ. ತಳವನ್ನು ಸ್ಪಿರಿಟ್‌ನಿಂದ ಒರೆಸಿ, ಒಣಗಿಸಿ, ಅರ್ಧ ನಿಮಿಷ ಒತ್ತಿ ಹಿಡಿದು, ಒಂದು ದಿನ ಬಿಟ್ಟು ಭಾರ ಕೊಡಿ. ದಿನಕ್ಕೆ ಹತ್ತು ಸಲ ಎಳೆದಾಡುವ ಕುರ್ಚಿಗೆ ಅಂಟು ತಾಳುವುದಿಲ್ಲ, ಮೊಳೆ ಇರುವ ಪ್ಯಾಡ್ ಹೊಡೆಯಿರಿ.

ಆದರೆ ಇದೇ ಪ್ಯಾಡ್ ನೆಲ ಗೀರುವುದೂ ಉಂಟು. ಚಪ್ಪಲಿಯೊಡನೆ ಬಂದ ಮರಳು ಫೆಲ್ಟ್‌ನ ಎಳೆಗಳಲ್ಲಿ ಸಿಕ್ಕಿಕೊಂಡರೆ ಅದು ಮರಳು ಕಾಗದವೇ ಸರಿ. ತಿಂಗಳಿಗೊಮ್ಮೆ ಕುರ್ಚಿ ಮಗುಚಿ ಪ್ಯಾಡ್ ಮೇಲೆ ಬೆರಳಾಡಿಸಿ. ಚುರುಚುರು ಎಂದರೆ ಹಳೆಯ ಬ್ರಷ್‌ನಿಂದ ತಿಕ್ಕಿ, ಹೋಗದಿದ್ದರೆ ಬದಲಿಸಿ. ನೆಲದ ಮೇಲೆ ಗೆರೆ ಕಂಡರೆ ಅಡ್ಡಲಾಗಿ ಉಗುರು ಎಳೆದು ನೋಡಿ. ಉಗುರು ಸಿಕ್ಕಿಕೊಂಡರೆ ಅದು ಗೀರು, ಜಾರಿ ಹೋದರೆ ಬಹುಶಃ ಕಬ್ಬಿಣದ ಕಾಲು ಬಿಟ್ಟ ಬೂದು ಕಲೆ, ತಿಕ್ಕಿದರೆ ಹೋಗಬಹುದು. ನೆಲ ಒರೆಸಿದ ದಿನ ಮಾತ್ರ ಸ್ವಲ್ಪ ಕಾಯಿರಿ. ಫೆಲ್ಟ್ ನೀರು ಹೀರಿಕೊಂಡಿರುತ್ತದೆ, ಆ ಹೊತ್ತಿನಲ್ಲಿ ಎಳೆದರೆ ಕುರ್ಚಿ ಮುಂದೆ ಹೋಗಿ ಪ್ಯಾಡ್ ಅಲ್ಲೇ ಉಳಿಯುತ್ತದೆ.