ಅಲಿಪಿರಿಯಿಂದ ತಿರುಮಲೆಗೆ ಎಷ್ಟು ಹೊತ್ತು? ನನ್ನ ಲೆಕ್ಕ ಇದು

ನಮ್ಮ ಪಾದಯಾತ್ರೆ ತಂಡದಲ್ಲಿ ಹಿಂದಿನಿಂದ ಬಂದ ಒಂದು ಲೆಕ್ಕವಿತ್ತು: ಸಾವಿರ ಮೆಟ್ಟಿಲಿಗೆ ಒಂದು ಗಂಟೆ. ಇನ್ನು ಕೆಲವರು ಒಂಬತ್ತು ಕಿಲೋಮೀಟರನ್ನು ನಡಿಗೆಯ ವೇಗದಿಂದ ಭಾಗಿಸಿ ಎರಡೂವರೆ ಗಂಟೆ ಅಂದುಬಿಡುತ್ತಿದ್ದರು. ಎರಡೂ ಒಂದೇ ಸಮ ತಪ್ಪುತ್ತಿದ್ದವು. ಬೆಟ್ಟದ ಮೇಲೆ ಕಾಯುವ ಗಾಡಿಗೆ ಗಂಟೆ ಲೆಕ್ಕದಲ್ಲಿ ದುಡ್ಡು ಸುರಿಯಬೇಕು. ಮುನ್ನೂರು ರೂಪಾಯಿಯ ವಿಶೇಷ ದರ್ಶನದ ಟಿಕೆಟಿನಲ್ಲಿ ಸಮಯ ಅಚ್ಚಾಗಿರುತ್ತದೆ. ಇಪ್ಪತ್ತು ಜನರ ತಂಡ ಒಂದು ಗಂಟೆ ತಡವಾದರೆ ಆರು ಸಾವಿರ ರೂಪಾಯಿಯ ಟಿಕೆಟು ತೂಗುಗತ್ತಿಯಲ್ಲಿ. ಏರಿದ ಎತ್ತರವನ್ನು ಹಿಡಿದು, ದಾರಿಯನ್ನು ಮೂರು ತುಂಡು ಮಾಡಿ ಲೆಕ್ಕ ಹಾಕೋಣ ಎಂದಾಗ ಹಿರಿಯರು ನಂಬಲಿಲ್ಲ. ಈಗ ಹೊರಡುವ ಸಮಯ ನನ್ನನ್ನೇ ಕೇಳುತ್ತಾರೆ. ಹೇಳಿದ್ದಕ್ಕೂ ತಲುಪಿದ್ದಕ್ಕೂ ಹೆಚ್ಚೆಂದರೆ ಕಾಲು ಗಂಟೆಯ ವ್ಯತ್ಯಾಸ.

ಚಾರಣದವರಿಗೆಲ್ಲ ಗೊತ್ತಿರುವ ನೇಸ್ಮಿತ್ ಸೂತ್ರವನ್ನೇ ಮೊದಲು ಹಾಕಿ ನೋಡಿದೆ. ಐದು ಕಿಲೋಮೀಟರಿಗೆ ಒಂದು ಗಂಟೆ, ಜೊತೆಗೆ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಅಲಿಪಿರಿ ದಾರಿ ಹತ್ತಿರಹತ್ತಿರ 9 ಕಿ.ಮೀ., ಏರು ಸುಮಾರು 700 ಮೀಟರ್, ಮೆಟ್ಟಿಲು 3550. ಸೂತ್ರದ ಉತ್ತರ ಮೂರು ಗಂಟೆ. ಇದು 1892ರಲ್ಲಿ ಸ್ಕಾಟ್ಲೆಂಡಿನ ಗುಡ್ಡಗಳಲ್ಲಿ ನಡೆಯುವ ಗಟ್ಟಿ ಕಾಲಿನವರಿಗಾಗಿ ಹುಟ್ಟಿದ್ದು. ಬರಿಗಾಲಿನ, ಅರವತ್ತು ದಾಟಿದ ಅಮ್ಮಂದಿರಿರುವ ತಂಡಕ್ಕೆ ಹೊಂದುವುದಿಲ್ಲ. ಜರ್ಮನರ ಪದ್ಧತಿ ವಾಸಿ: ಗಂಟೆಗೆ 4 ಕಿ.ಮೀ. ನಡಿಗೆ, 300 ಮೀಟರ್ ಏರು. ಎರಡರಲ್ಲಿ ದೊಡ್ಡ ಸಮಯಕ್ಕೆ ಚಿಕ್ಕದರ ಅರ್ಧ ಕೂಡಿಸುವುದು. ಅದರ ಪ್ರಕಾರ ಮೂರೂವರೆ ಗಂಟೆ. ಕುಕ್ಕೆಯಿಂದ ಕುಮಾರಪರ್ವತಕ್ಕೆ ಇದನ್ನೇ ಹಾಕಿದರೆ ಏಳು ಗಂಟೆಯ ಹತ್ತಿರ ಬರುತ್ತದೆ, ಅದು ಸರಿಯಾಗಿಯೇ ಇದೆ. ಆದರೆ ಅದು ಉದ್ದಕ್ಕೂ ಏರುತ್ತಲೇ ಹೋಗುವ ಮಣ್ಣು-ಕಲ್ಲಿನ ದಾರಿ. ಅಲಿಪಿರಿ ಹಾಗಲ್ಲ.

ಅಲಿಪಿರಿಯ ಏರು ಒಂದೇ ಹದದಲ್ಲಿಲ್ಲ. ಗಾಳಿಗೋಪುರದವರೆಗೆ ಎರಡು ಸಾವಿರಕ್ಕೂ ಮಿಕ್ಕಿ ಮೆಟ್ಟಿಲು, ಬಹುಪಾಲು ಎತ್ತರ ಅಲ್ಲೇ ಮುಗಿಯುತ್ತದೆ. ಆಮೇಲೆ ಜಿಂಕೆವನ, ಅಂಗಡಿಸಾಲು, ರಸ್ತೆಯ ಬದಿಯ ನಡಿಗೆ, ನಡುನಡುವೆ ಚೂರು ಮೆಟ್ಟಿಲು. ಕೊನೆಗೆ ದಣಿದ ಕಾಲಿಗೆ ಮೊಣಕಾಲು ಬೆಟ್ಟದ ಕಡಿದು ಏರು. ಇಡೀ ದಾರಿಗೆ ಸರಾಸರಿ ತೆಗೆದರೆ ಎಲ್ಲೂ ಇಲ್ಲದ ಒಂದು ಸೌಮ್ಯ ಇಳಿಜಾರು ಸಿಗುತ್ತದೆ, ಸಮಯವೂ ಅದರಂತೆಯೇ ಸುಳ್ಳಾಗುತ್ತದೆ.

ಕಡಿದಾದ ಮೆಟ್ಟಿಲಲ್ಲಿ ಮುಂದಕ್ಕೆ ಹೋಗುವ ದೂರಕ್ಕೆ ಬೇರೆ ಸಮಯ ಕೊಡಬೇಕಿಲ್ಲ. ಏರಿದ ಮೀಟರು ಮಾತ್ರ ಲೆಕ್ಕ. ಆ ಏರು ದರವನ್ನು ನಾನು ಚಾಮುಂಡಿ ಬೆಟ್ಟದಲ್ಲಿ ಅಳೆಯುತ್ತೇನೆ. 1008 ಮೆಟ್ಟಿಲು, ಏರು ಸುಮಾರು 250 ಮೀಟರ್ ಎಂದು ಹಿಡಿಯುತ್ತೇನೆ. ತಂಡದ ಅತಿ ನಿಧಾನದವರನ್ನು ಬೆಳಗಿನ ಹೊತ್ತು, ಬರಿಗಾಲಲ್ಲಿ, ಕೈಯಲ್ಲಿ ಚೀಲವಿಲ್ಲದೆ ಹತ್ತಿಸಬೇಕು. ಅಲಿಪಿರಿಯಲ್ಲಿ ಸಾಮಾನನ್ನು ಕೆಳಗೇ ಒಪ್ಪಿಸಿದರೆ ಮೇಲಕ್ಕೆ ತಲುಪಿಸುತ್ತಾರಲ್ಲ, ಹಾಗಾಗಿ ಇಲ್ಲೂ ಹೊರೆ ಬೇಡ. ನಿಂತು ಉಸಿರೆಳೆದುಕೊಳ್ಳುವ ಹೊತ್ತು ಲೆಕ್ಕಕ್ಕೆ ಸೇರಬೇಕು, ಕೂತು ನೀರು ಕುಡಿಯುವುದು ಸೇರಬಾರದು. ಐವತ್ತು ನಿಮಿಷ ಹಿಡಿದರೆ ಗಂಟೆಗೆ 300 ಮೀಟರ್ ಆಯಿತು. ನಂದಿ ಸುಮಾರು 700ನೇ ಮೆಟ್ಟಿಲಲ್ಲಿದೆ. ಮೊದಲ ಇನ್ನೂರು ಮೆಟ್ಟಿಲಿಗೂ ನಂದಿಯ ಮುಂಚಿನ ಇನ್ನೂರಕ್ಕೂ ಬೇರೆಬೇರೆ ಸಮಯ ಬರೆದುಕೊಂಡರೆ, ದಣಿದಾಗ ದರ ಎಷ್ಟು ಬೀಳುತ್ತದೆ ಎಂಬುದು ಸಿಗುತ್ತದೆ. ನಮ್ಮಲ್ಲಿ ಹೆಚ್ಚಿನವರಿಗೆ ಕಾಲು ಭಾಗ ಬೀಳುತ್ತದೆ.

ಮೆಟ್ಟಿಲೆಣಿಕೆಯನ್ನೇ ನೇರವಾಗಿ ಒಯ್ದು ಅಲಿಪಿರಿಗೆ ಹಾಕಿದರೆ ಕೈಕೊಡುತ್ತದೆ. ಚಾಮುಂಡಿಯಲ್ಲಿ ಮೆಟ್ಟಿಲಿಗೆ ಸರಾಸರಿ 25 ಸೆಂಟಿಮೀಟರ್ ಏರು ಬಿದ್ದರೆ, ಗಾಳಿಗೋಪುರದ ಹಾದಿಯಲ್ಲಿ 19ರ ಆಸುಪಾಸು. ಐವತ್ತು ನಿಮಿಷಕ್ಕೆ ಸಾವಿರ ಎಂಬ ದರದಲ್ಲಿ ಮೊದಲ ತುಂಡಿಗೇ ನೂರು ನಿಮಿಷ ದಾಟುತ್ತದೆ. ಮೀಟರ್ ಲೆಕ್ಕದಲ್ಲಿ ಎಂಬತ್ತು. ತಿರುಮಲೆಗೆ ಹತ್ತುವ ಇನ್ನೊಂದು ದಾರಿಯಾದ ಶ್ರೀವಾರಿ ಮೆಟ್ಟಿಲಲ್ಲಿ ತೊಂದರೆ ತಿರುವುಮುರುವು: 2388 ಮೆಟ್ಟಿಲಿದ್ದರೂ ದೂರ ಎರಡು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು ಅಷ್ಟೆ. ದೂರ ನೋಡಿ ಅರ್ಧ ಗಂಟೆ ಎಂದವರು ಅರ್ಧ ದಾರಿಯಲ್ಲೇ ಕೂರುತ್ತಾರೆ.

ಎತ್ತರವನ್ನು ಮೊಬೈಲಿನ ಜಿಪಿಎಸ್‌ನಿಂದ ಒಟ್ಟು ಮಾಡಿಸಬೇಡಿ. ಅಲಿಪಿರಿ ದಾರಿಗೆ ಬಹುಪಾಲು ಚಾವಣಿಯಿದೆ. ಅದರಡಿ ಎತ್ತರದ ಅಂಕಿ ಮೇಲಕ್ಕೂ ಕೆಳಕ್ಕೂ ಕುಣಿಯುತ್ತದೆ, ಆಪ್ ಪ್ರತಿ ಕುಣಿತವನ್ನೂ ಏರು ಎಂದು ಕೂಡಿಸುತ್ತದೆ. 700 ಇರಬೇಕಾದಲ್ಲಿ 900, ಸಾವಿರ ತೋರಿಸಿದ್ದುಂಟು. ದುಬಾರಿ ಗಡಿಯಾರವೂ ಬೇಕಿಲ್ಲ. ಪ್ರತಿ ತುಂಡಿನ ಎರಡು ತುದಿಯಲ್ಲಿ ಮಾತ್ರ ಚಾವಣಿಯಿಂದ ಹೊರಗೆ ಬಂದು, ಒಂದೆರಡು ನಿಮಿಷ ನಿಂತು ಎತ್ತರ ಬರೆದುಕೊಂಡು ಕಳೆಯಿರಿ, ಸಾಕು.

ಗಂಟೆಗೆ 300 ಮೀಟರ್ ದರದವರಿಗೆ ಲೆಕ್ಕ ಹೀಗೆ ಬರುತ್ತದೆ. ಗಾಳಿಗೋಪುರದವರೆಗೆ ಏರು ಸುಮಾರು 400 ಮೀಟರ್, ಹಾಗಾಗಿ 80 ನಿಮಿಷ. ನಡುವಿನ ತುಂಡು ಐದು ಕಿಲೋಮೀಟರ್ ಎಂದಿಟ್ಟುಕೊಳ್ಳಿ. ಬರಿಗಾಲಿಗೆ ಗಂಟೆಗೆ ಮೂರೂವರೆಗಿಂತ ಹೆಚ್ಚು ಕೊಡಬೇಡಿ, 86 ನಿಮಿಷವಾಯಿತು. ಅಲ್ಲಿನ ನೂರು ಮೀಟರ್ ಏರಿನ ಸಮಯ 20 ನಿಮಿಷ, ಅದರ ಅರ್ಧ ಕೂಡಿಸಿದರೆ 96. ಕೊನೆಯ 200 ಮೀಟರಿಗೆ ದಣಿದ ದರ 225, ಅಂದರೆ 53 ನಿಮಿಷ. ಒಟ್ಟು ಮೂರು ಗಂಟೆ ಐವತ್ತು ನಿಮಿಷ. ಗಂಟೆಗೆ ಹತ್ತು ನಿಮಿಷದಂತೆ ಕೂರುವುದು, ನೀರು, ಮಜ್ಜಿಗೆ ಸೇರಿಸಿದರೆ ನಾಲ್ಕೂವರೆ. ಯಾರನ್ನು ಸಾಲಿನಲ್ಲಿ ಎಲ್ಲಿ ನಡೆಸಿದರೆ ಈ ಹತ್ತು ನಿಮಿಷ ಆರಕ್ಕೆ ಇಳಿಯುತ್ತದೆ ಎಂಬುದನ್ನು ಮಾತ್ರ ನಾನಿಲ್ಲಿ ಬರೆಯುವುದಿಲ್ಲ.

ಹರಕೆಯವರನ್ನು ಈ ಲೆಕ್ಕದೊಳಗೆ ತುರುಕಬಾರದು. ಪ್ರತಿ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುವವರು ಬಗ್ಗಿ ಏಳುವುದಕ್ಕೆ ಐದು ಸೆಕೆಂಡ್ ಹಿಡಿದರೂ 3550 ಮೆಟ್ಟಿಲಿಗೆ ಐದು ಗಂಟೆ ಹೆಚ್ಚುವರಿ. ಕರ್ಪೂರವನ್ನೂ ಹಚ್ಚುವುದಾದರೆ ಹತ್ತು ಸೆಕೆಂಡ್, ಹತ್ತು ಗಂಟೆ. ಅವರಿಗೆ ಬೇರೆ ಹೊರಡುವ ಸಮಯ, ಬೇರೆ ದಿನದ ಟಿಕೆಟ್. ಮೊಣಕಾಲು ಬೆಟ್ಟವನ್ನು ಮೊಣಕಾಲಲ್ಲೇ ಏರುವ ಹರಕೆಯಿದ್ದರೆ ಕೊನೆಯ ತುಂಡಿಗೆ ನಾನು ಮೂರು ಪಟ್ಟು ಇಡುತ್ತೇನೆ, ಅದೂ ಅಂದಾಜೇ.

ಉಳಿದವರಿಗೆ ಸಮಯವನ್ನು ಹಿಂದಿನಿಂದ ಎಣಿಸಿ. ಮಧ್ಯಾಹ್ನ ಎರಡು ಗಂಟೆಗೆ ದರ್ಶನವಿದ್ದರೆ, ಸಾಮಾನು ಬಿಡಿಸಿಕೊಂಡು, ಸ್ನಾನ, ಊಟ ಮುಗಿಸಿ ಸರದಿ ಸೇರಲು ಮೂರು ಗಂಟೆ ಬೇಕು, ಹನ್ನೊಂದಕ್ಕೆ ಮೇಲಿರಬೇಕು. ನಾಲ್ಕೂವರೆ ಕಳೆದರೆ ಆರೂವರೆ. ಕೆಳಗೆ ಸಾಮಾನು ಒಪ್ಪಿಸುವ ಸಾಲಿಗೆ ಅರ್ಧ ಗಂಟೆ, ರಜಾದಿನವಾದರೆ ಒಂದು ಗಂಟೆ. ಹಾಗಾಗಿ ಐದೂವರೆಗೆ ಅಲಿಪಿರಿಯಲ್ಲಿರಿ. 2023ರ ಆಗಸ್ಟಿನಲ್ಲಿ ಈ ದಾರಿಯಲ್ಲಿ ಚಿರತೆ ದಾಳಿಗೆ ಮಗುವೊಂದು ಬಲಿಯಾದ ಮೇಲೆ ಮಕ್ಕಳೊಂದಿಗೆ ನಡೆಯುವ ಹೊತ್ತಿಗೆ ನಿರ್ಬಂಧ ಹಾಕಿದ್ದರು. ಮಕ್ಕಳಿದ್ದರೆ ಈಗಿನ ವೇಳೆಯನ್ನು ಹಿಂದಿನ ದಿನವೇ ವಿಚಾರಿಸಿ, ಸಂಜೆಯ ಏರಿಕೆಯನ್ನು ಲೆಕ್ಕದಿಂದಲೇ ತೆಗೆದುಹಾಕಿ. ಗಾಳಿಗೋಪುರಕ್ಕೆ ತಲುಪಿದ್ದು 80ರ ಬದಲು 100 ನಿಮಿಷಕ್ಕಾದರೆ ಉಳಿದೆರಡು ತುಂಡನ್ನೂ ಅದೇ ಅನುಪಾತದಲ್ಲಿ ಹಿಗ್ಗಿಸಿ, ಮೇಲೆ ಕಾಯುವ ಗಾಡಿಯವನಿಗೆ ಅಲ್ಲಿಂದಲೇ ಫೋನ್ ಮಾಡಿ.