ಶಟ್‌ಡೌನ್ ವೇಳೆ ಬೆಂಕಿ ಕೆಲಸಕ್ಕೆ ಪರ್ಮಿಟ್ ನೀಡುವುದು ಹೇಗೆ?

ತೈಲ ಸಂಸ್ಕರಣಾಗಾರದ ಶಟ್‌ಡೌನ್ ಅವಧಿಯಲ್ಲಿ ಒಂದು ಘಟಕವನ್ನು ಬಿಚ್ಚಿ ದುರಸ್ತಿ ಮಾಡುತ್ತಿರುವಾಗ ಪಕ್ಕದ ಘಟಕದಲ್ಲಿ ಇನ್ನೂ ನ್ಯಾಫ್ತಾ ಎಂಬ ಬೇಗ ಹೊತ್ತಿಕೊಳ್ಳುವ ತೈಲ ಹರಿಯುತ್ತಿರಬಹುದು. ವೆಲ್ಡಿಂಗ್, ಗ್ಯಾಸ್ ಕಟಿಂಗ್, ಗ್ರೈಂಡಿಂಗ್‌ನಂಥ ಕಿಡಿ ಹಾರುವ ಕೆಲಸಗಳಿಗೆ ಪ್ರತ್ಯೇಕ ಪರ್ಮಿಟ್ ಬೇಕಾಗುವುದು ಇದಕ್ಕಾಗಿಯೇ. ಡ್ರಮ್ಮಿನಿಂದ ಪಂಪಿಗೆ ಹೋಗುವ ಆರು ಇಂಚಿನ ನ್ಯಾಫ್ತಾ ಪೈಪಿನಲ್ಲಿ ತುಕ್ಕು ಹಿಡಿದ ಎರಡು ಮೀಟರ್ ತುಂಡನ್ನು ಬದಲಿಸಬೇಕಾಗಿದೆ ಎಂದಿಟ್ಟುಕೊಂಡು ಆ ಪರ್ಮಿಟ್ ಹೇಗೆ ಸಿದ್ಧವಾಗುತ್ತದೆಂದು ನೋಡೋಣ.

ಮೊದಲು ಕೇಳಬೇಕಾದದ್ದು, ಈ ಕೆಲಸಕ್ಕೆ ಬೆಂಕಿ ಬೇಕೇ ಎಂಬ ಪ್ರಶ್ನೆ. ಹಳೆಯ ತುಂಡನ್ನು ಬೆಂಕಿಯಿಲ್ಲದೆ ಕತ್ತರಿಸುವ ಕೋಲ್ಡ್ ಕಟರ್‌ನಿಂದ ತುಂಡರಿಸಿ, ಹೊಸ ತುಂಡನ್ನು ಆದಷ್ಟು ಮಟ್ಟಿಗೆ ವರ್ಕ್‌ಶಾಪಿನಲ್ಲೇ ಬೆಸೆದು ತಂದರೆ, ಸ್ಥಳದಲ್ಲಿ ಉಳಿಯುವುದು ಎರಡು ಬೆಸುಗೆಗಳು ಮಾತ್ರ. ಪರ್ಮಿಟ್‌ನಲ್ಲಿ 'ಪೈಪ್ ದುರಸ್ತಿ' ಎಂದು ಬರೆದರೆ ಸಾಲದು. ಪೈಪಿನ ಸಂಖ್ಯೆ, ಬೆಸುಗೆಯ ಜಾಗ, ಬಳಸುವ ಸಲಕರಣೆ ಮತ್ತು ಅವಧಿ ಸ್ಪಷ್ಟವಾಗಿರಬೇಕು.

ಎರಡನೆಯದು ಪೈಪನ್ನು ಬೇರ್ಪಡಿಸುವುದು. ವಾಲ್ವ್ ಮುಚ್ಚಿ ಬೀಗ ಹಾಕಿದರೆ ಸಾಕೆಂಬ ವಾದ ಶಟ್‌ಡೌನಿನ ಗಡಿಬಿಡಿಯಲ್ಲಿ ಆಗಾಗ ಕೇಳಿಬರುತ್ತದೆ, ಆದರೆ ಅದನ್ನು ಒಪ್ಪಬಾರದು. ವರ್ಷಗಟ್ಟಲೆ ಬಳಸಿದ ವಾಲ್ವಿನ ಸೀಟು ಸವೆದು ಒಳಗೊಳಗೇ ಸೋರುತ್ತಿರಬಹುದು, ಹೊರಗಿನಿಂದ ಅದು ಕಾಣುವುದಿಲ್ಲ. ಆದ್ದರಿಂದ ಡ್ರಮ್ಮಿನ ಕಡೆಗೂ ಪಂಪಿನ ಕಡೆಗೂ ಪೈಪಿನ ಕೂಡುಬಿಲ್ಲೆಗಳಾದ ಫ್ಲೇಂಜುಗಳ ನಡುವೆ ಹಾದಿಯನ್ನು ಪೂರ್ತಿ ಮುಚ್ಚುವ ಉಕ್ಕಿನ ತಟ್ಟೆ, ಅಂದರೆ ಬ್ಲೈಂಡ್, ಸೇರಿಸಿ, ಅದರ ಟ್ಯಾಗ್ ಸಂಖ್ಯೆಯನ್ನು ಪರ್ಮಿಟ್‌ನಲ್ಲೂ ಬ್ಲೈಂಡ್ ಪಟ್ಟಿಯಲ್ಲೂ ದಾಖಲಿಸಬೇಕು. ನಂತರ ಪೈಪನ್ನು ಬರಿದು ಮಾಡಿ, ಉಗಿ ಹಾಯಿಸಿ, ನೀರಿನಿಂದ ತೊಳೆಯಲಾಗುತ್ತದೆ. ಒಳಗೆ ಗಂಧಕದಿಂದಾದ ಕಬ್ಬಿಣದ ಸಲ್ಫೈಡ್ ಇದ್ದರೆ ಅದು ಒಣಗಿ ಗಾಳಿ ತಾಗಿದಾಗ ಕಿಡಿಯಿಲ್ಲದೆ ತಾನೇ ಹೊತ್ತಿಕೊಳ್ಳುವುದರಿಂದ, ತೆಗೆದ ತುಂಡನ್ನೂ ಒದ್ದೆಯಾಗಿಯೇ ಇಡಬೇಕು.

ಮೂರನೆಯ ಹಂತವಾದ ಗ್ಯಾಸ್ ಪರೀಕ್ಷೆಯಲ್ಲಿ ಅತಿ ಹೆಚ್ಚು ಮೋಸ ಹೋಗುವುದು ಮೀಟರಿನ ಸೊನ್ನೆಯನ್ನು ನಂಬಿ. ಮೀಟರ್ ತೋರಿಸುವುದು ಅನಿಲ ಹೊತ್ತಿಕೊಳ್ಳಲು ಬೇಕಾದ ಕನಿಷ್ಠ ಸಾಂದ್ರತೆಯ, ಅಂದರೆ ಎಲ್‌ಇಎಲ್‌ನ, ಶೇಕಡಾವಾರು ಪ್ರಮಾಣವನ್ನು. ನ್ಯಾಫ್ತಾ ಆವಿ ಗಾಳಿಯಲ್ಲಿ ಸುಮಾರು ಶೇ 1ರಷ್ಟಾದರೆ ಹೊತ್ತಿಕೊಳ್ಳಬಲ್ಲದು. ಹಾಗಾಗಿ ಮೀಟರ್ 10 ತೋರಿಸಿದರೆ ಗಾಳಿಯಲ್ಲಿರುವ ಆವಿ ಶೇ 0.1 ಮಾತ್ರ. ಇದು ಕೆಲಸ ನಿಲ್ಲಿಸಲು ಸಾಮಾನ್ಯವಾಗಿ ಬಳಸುವ ಮಿತಿ, ಆದರೆ ಅನೇಕ ಕಡೆ ಸೊನ್ನೆ ಬಾರದೆ ಕೆಲಸ ಆರಂಭಿಸಲು ಬಿಡುವುದಿಲ್ಲ. ಪೈಪಿನಲ್ಲಿ ಸಾರಜನಕ ತುಂಬಿದ್ದರೆ ಸಾಮಾನ್ಯ ಮೀಟರಿನ ಸಂವೇದಕಕ್ಕೆ ಆವಿಯನ್ನು ಸುಡಲು ಆಮ್ಲಜನಕವೇ ಸಿಗದೆ, ಆವಿ ಇದ್ದರೂ ಅದು ಸೊನ್ನೆ ತೋರಿಸಬಹುದು. ಹೀಗಾಗಿ ಮೊದಲು ಆಮ್ಲಜನಕವನ್ನು ಅಳೆಯಬೇಕು. ಅದು ಕಡಿಮೆಯಿದ್ದರೆ ಎಲ್‌ಇಎಲ್ ಅಂಕಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು. ಇನ್ನೊಂದು ಅಪಾಯ ಪೈಪಿನ ಒಳಗೋಡೆಗೆ ಅಂಟಿದ ಜಿಡ್ಡು. ತಣ್ಣಗಿರುವಾಗ ಸುಮ್ಮನಿರುವ ಅದು ಬೆಸುಗೆಯ ಶಾಖಕ್ಕೆ ಆವಿ ಬಿಡುತ್ತದೆ, ಆದ್ದರಿಂದ ಬೆಸುಗೆಯ ಅಂಚನ್ನು ಲೋಹ ಕಾಣುವಂತೆ ಉಜ್ಜಿ, ಬೆಸುಗೆ ನಡೆಯುವಷ್ಟು ಹೊತ್ತೂ ಮೀಟರನ್ನು ಅಲ್ಲೇ ಇಟ್ಟಿರಬೇಕು.

ಪೈಪಿನ ಹೊರಗೂ ಅಳೆಯಬೇಕು. ನ್ಯಾಫ್ತಾ ಆವಿ ಗಾಳಿಗಿಂತ ಭಾರವಾದ್ದರಿಂದ ಚರಂಡಿ, ಗುಂಡಿಗಳಲ್ಲಿ ತಂಗುತ್ತದೆ. ಕಿಡಿಗಳು 11 ಮೀಟರ್ ದೂರದವರೆಗೂ ಹೋಗಬಲ್ಲವೆಂದು ಭಾವಿಸಿ, ಅಷ್ಟು ದೂರದೊಳಗಿನ ಚರಂಡಿ ಮುಚ್ಚಳಗಳನ್ನು ಒದ್ದೆ ಗೋಣಿ ಮತ್ತು ಮಣ್ಣಿನಿಂದ ಬಿಗಿಮಾಡಬೇಕು; ಕೆಲಸ ಎತ್ತರದಲ್ಲಿದ್ದರೆ ಆ ದೂರವೂ ಸಾಲದು. 2001ರ ಜುಲೈ 17ರಂದು ಅಮೆರಿಕದ ಡೆಲವೇರ್‌ನ ಸಂಸ್ಕರಣಾಗಾರವೊಂದರಲ್ಲಿ ಕಾರ್ಮಿಕರು ದುರಸ್ತಿ ಮಾಡುತ್ತಿದ್ದದ್ದು ಟ್ಯಾಂಕುಗಳ ಮೇಲಿನ ನಡೆದಾಡುವ ಹಾದಿಯನ್ನು. ಅಲ್ಲಿಂದ ಹಾರಿದ ಕಿಡಿ, ತುಕ್ಕಿನಿಂದ ತೂತಾಗಿದ್ದ ಗಂಧಕಾಮ್ಲ ಟ್ಯಾಂಕಿನ ಆವಿಗೆ ತಗುಲಿ ಒಬ್ಬರು ಸತ್ತು ಎಂಟು ಮಂದಿ ಗಾಯಗೊಂಡರು.

ಇಷ್ಟಾದ ಮೇಲೆ ಘಟಕದ ಹೊಣೆ ಹೊತ್ತ ಅಧಿಕಾರಿ ಸ್ಥಳಕ್ಕೆ ಬಂದು, ಬ್ಲೈಂಡ್‌ಗಳನ್ನು ಕಣ್ಣಾರೆ ಕಂಡು ಸಹಿ ಹಾಕಬೇಕು. ಕಚೇರಿಯ ಮೇಜಿನ ಮೇಲೆ ಬೀಳುವ ಸಹಿಗೆ ಬೆಲೆಯಿಲ್ಲ. ಪರ್ಮಿಟ್ ಸಾಮಾನ್ಯವಾಗಿ ಒಂದು ಪಾಳಿಗೆ ಮಾತ್ರ ಊರ್ಜಿತ. ಪಾಳಿ ಬದಲಾದರೆ ಹೊಸ ತಂಡ ಸ್ಥಳದಲ್ಲೇ ಕೆಲಸ ವಹಿಸಿಕೊಂಡು ಮತ್ತೆ ಪರೀಕ್ಷೆ ಮಾಡಿಸಬೇಕು. ಊಟಕ್ಕೆ ಹೋಗಿ ಬಂದರೂ ಮರುಪರೀಕ್ಷೆ ಬೇಕು, ಏಕೆಂದರೆ ಅಷ್ಟರಲ್ಲಿ ಪಕ್ಕದ ಘಟಕದವರು ಯಾವುದೋ ಡ್ರೈನ್ ತೆರೆದಿರಬಹುದು.

ಬೆಂಕಿ ಕಾವಲಿನವನಿಗೆ ಬೇರೆ ಯಾವ ಕೆಲಸವನ್ನೂ ಕೊಡಬಾರದು. ಹೋಸ್ ಪೈಪಿಗೆ ನೀರು ಬರುತ್ತಿದೆಯೆಂದು ಮೊದಲೇ ನೋಡಿಕೊಂಡು, ಕೆಲಸ ಮುಗಿದ ಮೇಲೂ ಅವನು ಕನಿಷ್ಠ ಒಂದು ಗಂಟೆ ಅಲ್ಲಿರಬೇಕು, ನಿರೋಧಕ ಹೊದಿಕೆಯೊಳಗೆ ಸೇರಿದ ಕಿಡಿ ಹೊಗೆಯಾಡಲು ಸಮಯ ತೆಗೆದುಕೊಳ್ಳುತ್ತದೆ. ಆಮೇಲೆ ಪರ್ಮಿಟ್‌ಗೆ ಮುಕ್ತಾಯದ ಸಹಿ ಬೀಳುತ್ತದೆ. ಬ್ಲೈಂಡ್ ತೆಗೆಯುವುದಕ್ಕೆ ಬೇರೆಯೇ ಪರ್ಮಿಟ್ ಬೇಕು. ಬೆಸುಗೆಯ ತಪಾಸಣೆ ಮುಗಿದು, ಪೈಪಿನ ಒತ್ತಡ ಪರೀಕ್ಷೆಯ ವರದಿ ಕೈಸೇರಿದ ಮೇಲೆಯೇ ಅದನ್ನು ಕೊಡಬೇಕು.