ಸ್ಟಾಪ್‌ಲಾಸ್ 240ಕ್ಕೆ, ಮಾರಾಟ 236ಕ್ಕೆ

ಬೆಲೆ ಇಷ್ಟಕ್ಕೆ ಇಳಿದರೆ ಮಾರಿಬಿಡು ಅನ್ನೋ ಆರ್ಡರೇ ಸ್ಟಾಪ್‌ಲಾಸ್. ಷೇರಿಗೆ ಅದನ್ನು ಹಾಕುವ ಮುಂಚೆ ನಾನು ನೋಡೋದು ಮಾರ್ಕೆಟ್ ಡೆಪ್ತ್. ಅಂದ್ರೆ ಕೊಳ್ಳೋರು ಯಾವ ಬೆಲೆಗೆ ಎಷ್ಟು ಷೇರು ಕೇಳ್ತಿದ್ದಾರೆ ಅನ್ನೋ ಐದು ಸಾಲಿನ ಪಟ್ಟಿ. ದೊಡ್ಡ ಕಂಪನಿಗಳ ಷೇರಿನಲ್ಲಿ ಇದು ತುಂಬಿರುತ್ತದೆ. ಸಣ್ಣ ಕಂಪನಿಗಳಲ್ಲಿ ಖಾಲಿ ಖಾಲಿ.

ನನ್ನ ಹತ್ತಿರ ಅಂಥ ಒಂದು ಸಣ್ಣ ಕಂಪನಿಯ 400 ಷೇರು ಇವೆ, 240ಕ್ಕೆ ಸ್ಟಾಪ್‌ಲಾಸ್ ಹಾಕಿದ್ದೇನೆ ಅಂದುಕೊಳ್ಳಿ. ಬೆಲೆ 240 ಮುಟ್ಟಿದಾಗ ಕೊಳ್ಳೋರು ಹೀಗಿದ್ದಾರೆ: 239.80ಕ್ಕೆ 40 ಷೇರು, 239ಕ್ಕೆ 60, 236.50ಕ್ಕೆ 100, 234ಕ್ಕೆ 300.

ಸ್ಟಾಪ್‌ಲಾಸ್‌ನಲ್ಲಿ ಎರಡು ಬಗೆ: ಎಸ್‌ಎಲ್-ಎಂ ಮತ್ತು ಎಸ್‌ಎಲ್. ನಾನು ಹಾಕಿದ್ದು ಎಸ್‌ಎಲ್-ಎಂ ಆಗಿದ್ದರೆ, 240 ಬಂದ ಕೂಡಲೇ ಅದು ಮಾರ್ಕೆಟ್ ಆರ್ಡರ್ ಆಗುತ್ತದೆ. ಮಾರ್ಕೆಟ್ ಆರ್ಡರ್ ಬೆಲೆ ಕೇಳಲ್ಲ. ಮೇಲಿಂದ ಒಂದೊಂದೇ ಸಾಲು ಖಾಲಿ ಮಾಡುತ್ತಾ ಹೋಗುತ್ತದೆ. ಕೊನೆಯ 200 ಷೇರು 234ಕ್ಕೆ ಹೋಗುತ್ತವೆ, ಸರಾಸರಿ 236ರ ಹತ್ತಿರ ಬರುತ್ತದೆ. ಇಲ್ಲಿ ಬ್ರೋಕರ್ ತಪ್ಪು ಏನೂ ಇಲ್ಲ. 240 ಅನ್ನೋದು ಆರ್ಡರ್ ಎಬ್ಬಿಸುವ ಗುರುತು, ಮಾರುವ ಬೆಲೆ ಅಲ್ಲ.

ಅದಕ್ಕೇ ಇಂಥ ಷೇರಿಗೆ ನಾನು ಎಸ್‌ಎಲ್ ಆರ್ಡರ್ ಹಾಕುತ್ತೇನೆ. ಇದರಲ್ಲಿ ಎರಡು ಬೆಲೆ: ಆರ್ಡರ್ ಎಬ್ಬಿಸುವ ಟ್ರಿಗರ್ 240, ಇದಕ್ಕಿಂತ ಕಡಿಮೆಗೆ ಮಾರಬೇಡ ಅನ್ನೋ ಲಿಮಿಟ್ 236. ಆಗ ಮೊದಲ 200 ಷೇರು ಮಾರಾಟ ಆಗಿ, ಉಳಿದ 200 ಷೇರು 236ಕ್ಕೆ ಕಾಯುತ್ತಾ ಕೂರುತ್ತವೆ. ಲಿಮಿಟ್ ಅನ್ನು 239.50ಕ್ಕೆ ಇಟ್ಟಿದ್ದರೆ 40 ಷೇರು ಮಾತ್ರ ಹೋಗುತ್ತಿತ್ತು. ಟ್ರಿಗರ್‌ಗೆ ತೀರಾ ಅಂಟಿಕೊಂಡ ಲಿಮಿಟ್ ಇಟ್ಟರೆ ಬೀಳುವ ಬೆಲೆ ಅದನ್ನು ದಾಟಿ ಹೋಗಿಬಿಡುತ್ತದೆ, ಷೇರು ನಮ್ಮ ಕೈಯಲ್ಲೇ ಉಳಿಯುತ್ತದೆ. ಇದು ಗೊತ್ತಾಗೋದು ಆರ್ಡರ್ ಬುಕ್‌ನಲ್ಲಿ: 'ಟ್ರಿಗರ್ ಪೆಂಡಿಂಗ್' ಹೋಗಿ 'ಓಪನ್' ಅಂತ ಬಂದು ಅಲ್ಲೇ ನಿಂತಿರುತ್ತದೆ. ಆಗ ಇನ್ನೂ ಹೊರಗೆ ಬರಬೇಕು ಅನ್ನಿಸಿದರೆ ಲಿಮಿಟ್ ಇಳಿಸುತ್ತೇನೆ, ಸುಮ್ನೆ ಕಾಯಲ್ಲ.

ಆಪ್ಷನ್ಸ್‌ನಲ್ಲಿ ಎಸ್‌ಎಲ್-ಎಂ ಬೇಕೋ ಎಸ್‌ಎಲ್ ಬೇಕೋ ಅನ್ನೋ ಆಯ್ಕೆಯೇ ಇಲ್ಲ. ಎನ್‌ಎಸ್‌ಇ 2021ರ ಸೆಪ್ಟೆಂಬರ್‌ನಲ್ಲೇ ಅಲ್ಲಿ ಎಸ್‌ಎಲ್-ಎಂ ನಿಲ್ಲಿಸಿತು. ಕೊಳ್ಳೋರೇ ಇಲ್ಲದ ಆಪ್ಷನ್‌ಗಳಲ್ಲಿ ಮಾರ್ಕೆಟ್ ಆರ್ಡರ್ ಎಲ್ಲಿಗೆ ಬೇಕಾದರೂ ಹೋಗಿ ಬೀಳಬಹುದು ಅಲ್ವಾ, ಹಾಗಾಗಿ ಅದು ಸರಿಯಾದ ನಿರ್ಧಾರ ಅಂತಲೇ ನನ್ನ ಅಭಿಪ್ರಾಯ.

ಷೇರಿನಲ್ಲಿ ಎಸ್‌ಎಲ್-ಎಂ, ಎಸ್‌ಎಲ್ ಎರಡೂ ಕೈಕೊಡುವ ಜಾಗ ಒಂದಿದೆ. ನಿನ್ನೆ 252ಕ್ಕೆ ಮುಗಿದ ಷೇರು ಕೆಟ್ಟ ಸುದ್ದಿ ಬಂದು ಬೆಳಿಗ್ಗೆ 9.15ಕ್ಕೆ 221ರಲ್ಲಿ ತೆರೆದರೆ, 240ರಲ್ಲಿ ವ್ಯವಹಾರವೇ ನಡೆದಿರಲ್ಲ. ಎಸ್‌ಎಲ್-ಎಂ ಹಾಕಿದ್ದವರ ಷೇರು 221ರ ಆಸುಪಾಸು ಮಾರಾಟ ಆಗುತ್ತದೆ. ಎಸ್‌ಎಲ್ ಹಾಕಿದ್ದವರ ಆರ್ಡರ್ 236ರಲ್ಲಿ ನೇತಾಡುತ್ತದೆ. ಹಾಗಾಗಿ ಕಂಪನಿಯ ಫಲಿತಾಂಶ ಬರುವ ಹಿಂದಿನ ದಿನ ಸ್ಟಾಪ್‌ಲಾಸ್ ನಂಬದೆ, ಷೇರಿನ ಸಂಖ್ಯೆಯನ್ನೇ ಕಡಿಮೆ ಮಾಡಿಕೊಳ್ಳುತ್ತೇನೆ.